ಹತ್ತಿ, ಕಬ್ಬಿನ ಸಿಪ್ಪೆ, ಕಲ್ನಾರು: ಹೊಂದಿಸಿ ಬರೆಯುವ ಪಟ್ಟಿಗೆ ಬೇಕಾದ ಮೂರನೆಯ ಅಂಕಣ

ಪರೀಕ್ಷೆಯ ದಿನಗಳು ಹತ್ತಿರವಾದಂತೆ ನಮ್ಮ ಪುನರಾವರ್ತನೆಯ ತರಗತಿಗಳಲ್ಲಿ ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗಳ ಸರದಿ ಬರುತ್ತದೆ. ಅವುಗಳಲ್ಲಿ ವೃತ್ತಿಜನ್ಯ ರೋಗಗಳ ಪಟ್ಟಿಯೂ ಒಂದು. ಎಡಕ್ಕೆ ರೋಗದ ಹೆಸರು, ಬಲಕ್ಕೆ ಅದನ್ನು ಉಂಟುಮಾಡುವ ವಸ್ತು. ವಿಜ್ಞಾನದ ಪತ್ರಿಕೆಯಲ್ಲಿ, ಶುಶ್ರೂಷಾ ಪ್ರವೇಶ ಪರೀಕ್ಷೆಯಲ್ಲಿ, ಆರೋಗ್ಯ ಇಲಾಖೆಯ ನೇಮಕಾತಿ ಪರೀಕ್ಷೆಗಳಲ್ಲಿ ಇಂತಹ ಪ್ರಶ್ನೆ ಆಗಾಗ ಕಾಣಿಸಿಕೊಳ್ಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಎಡವುವುದು ಒಂದು ನಿರ್ದಿಷ್ಟ ಸ್ಥಳದಲ್ಲಿ ಎಂಬುದನ್ನು ನಾವು ಹಲವು ವರ್ಷಗಳಿಂದ ಕಾಣುತ್ತಾ ಬಂದಿದ್ದೇವೆ. ಬಿಸಿನೋಸಿಸ್ ಮತ್ತು ಬಗಾಸೋಸಿಸ್ ಎಂಬ ಎರಡು ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಒಂದರ ಕೆಳಗೊಂದು ಬರೆದರೆ ಎರಡೂ ‘ಬ’ಕಾರದಿಂದ ಆರಂಭವಾಗಿ ‘ಓಸಿಸ್’ ಎಂದು ಮುಗಿಯುತ್ತವೆ. ಅರ್ಥ ತಿಳಿಯದ ಮಗು ಹತ್ತಿಯನ್ನು ಬಗಾಸೋಸಿಸ್‌ಗೂ ಕಬ್ಬನ್ನು ಬಿಸಿನೋಸಿಸ್‌ಗೂ ಜೋಡಿಸಿಬಿಡುತ್ತದೆ. ಒಂದು ಪುಸ್ತಕದಲ್ಲಿ ‘ಬಿಸ್ಸಿನೋಸಿಸ್’, ಇನ್ನೊಂದರಲ್ಲಿ ‘ಬೈಸಿನೋಸಿಸ್’ ಎಂದು ಅಚ್ಚಾಗಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

ಕಳೆದ ಬಾರಿ ಇದೇ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದಾಗ, ಜತ್ ತಾಲೂಕಿನ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಕಬ್ಬು ಕಡಿಯೋರಿಗೂ ಈ ಬ್ಯಾನಿ ಬರ್ತೈತೇನ್ರಿ? ನಮ್ಮ ಅವ್ವ-ಅಪ್ಪ ಇಬ್ಬರೂ ಕಬ್ಬಿಗೆ ಹೋಗ್ಯಾರ್ರಿ” ಎಂದು ಕೇಳಿದಳು. ಪಟ್ಟಿಯಲ್ಲಿ ನಾವು ‘ಬಗಾಸೋಸಿಸ್ – ಕಬ್ಬು’ ಎಂದಷ್ಟೇ ಬರೆದಿದ್ದೆವು. ಅಂಕಕ್ಕೆ ಅಷ್ಟು ಸಾಕು. ಆದರೆ ಆ ಹುಡುಗಿಯ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಸರಿಯಾದ ಉತ್ತರ ‘ಇಲ್ಲ’ ಎಂಬುದು. ಹಸಿ ಕಬ್ಬನ್ನು ಕಡಿಯುವವರಿಗೆ ಬಗಾಸೋಸಿಸ್ ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ವಿವರಿಸಲು ಹೊರಟಾಗ, ಎರಡು ಅಂಕಣಗಳ ಈ ಪಟ್ಟಿಗೆ ಮೂರನೆಯದೊಂದು ಅಂಕಣ ಬೇಕೆಂಬುದು ನಮಗೇ ಸ್ಪಷ್ಟವಾಯಿತು. ಆ ಅಂಕಣದ ಹೆಸರು ‘ಕಾಲ’. ಧೂಳು ಒಳಹೊಕ್ಕ ಬಳಿಕ ತೊಂದರೆ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು ಈ ಮೂರು ರೋಗಗಳಲ್ಲಿ ಮೂರು ಬಗೆಯಾಗಿದೆ. ಅದನ್ನು ಅರಿತ ಮಗು ಹೆಸರುಗಳನ್ನು ಅದಲುಬದಲು ಮಾಡುವುದಿಲ್ಲ. ಅದನ್ನು ಅರಿತ ಮನೆಯವರು ವೈದ್ಯರ ಮುಂದೆ ಹೇಳಬೇಕಾದ ಮಾತನ್ನು ಮರೆಯುವುದಿಲ್ಲ.

ಮೊದಲು ಪಟ್ಟಿ

ಪರೀಕ್ಷೆಗೆ ಬೇಕಾದ ಜೋಡಿಗಳನ್ನು ಮೊದಲು ಕೊಡುತ್ತೇವೆ. ಕೊನೆಯ ಅಂಕಣದಲ್ಲಿರುವುದು ಹೆಸರಿನ ಮೂಲಾರ್ಥ. ಹೆಸರಿನೊಳಗೇ ಉತ್ತರ ಅಡಗಿದೆ ಎಂಬುದನ್ನು ಮಕ್ಕಳು ಗಮನಿಸಬೇಕು.

| ರೋಗ | ಕಾರಕ ವಸ್ತು | ಹೆಸರಿನ ಸುಳಿವು |
|---|---|---|
| ಬಿಸಿನೋಸಿಸ್ | ಹತ್ತಿಯ ಧೂಳು (ಅಗಸೆ ನಾರು, ಸೆಣಬಿನ ಧೂಳು ಸಹ) | ‘ಬಿಸೋಸ್’ ಎಂದರೆ ಗ್ರೀಕಿನಲ್ಲಿ ನವುರಾದ ನಾರುಬಟ್ಟೆ |
| ಬಗಾಸೋಸಿಸ್ | ಕೂಡಿಟ್ಟ ಕಬ್ಬಿನ ಸಿಪ್ಪೆಯ ಧೂಳು | ‘ಬಗಾಸ್’ ಎಂದರೆ ರಸ ತೆಗೆದ ಕಬ್ಬಿನ ಸಿಪ್ಪೆ |
| ಆಸ್‌ಬೆಸ್ಟೋಸಿಸ್ | ಆಸ್‌ಬೆಸ್ಟಾಸ್, ಅಂದರೆ ಕಲ್ನಾರು | ಕಲ್ಲು + ನಾರು |
| ಸಿಲಿಕೋಸಿಸ್ | ಸಿಲಿಕಾ, ಅಂದರೆ ಕಲ್ಲಿನ ಧೂಳು | ‘ಸಿಲೆಕ್ಸ್’ ಎಂದರೆ ಲ್ಯಾಟಿನ್‌ನಲ್ಲಿ ಬೆಣಚುಕಲ್ಲು |
| ಆಂತ್ರಕೋಸಿಸ್ | ಕಲ್ಲಿದ್ದಲ ಧೂಳು | ‘ಆಂತ್ರಾಕ್ಸ್’ ಎಂದರೆ ಗ್ರೀಕಿನಲ್ಲಿ ಇದ್ದಿಲು |
| ಸಿಡೆರೋಸಿಸ್ | ಕಬ್ಬಿಣದ ಧೂಳು | ‘ಸಿಡೆರೋಸ್’ ಎಂದರೆ ಗ್ರೀಕಿನಲ್ಲಿ ಕಬ್ಬಿಣ |
| ಟೊಬ್ಯಾಕೋಸಿಸ್ | ತಂಬಾಕಿನ ಧೂಳು | ಹೆಸರಿನಲ್ಲೇ ತಂಬಾಕು |
| ರೈತನ ಶ್ವಾಸಕೋಶ ರೋಗ | ಬೂಷ್ಟು ಹಿಡಿದ ಹುಲ್ಲು, ಧಾನ್ಯದ ಧೂಳು | ಹೆಸರಿನಲ್ಲೇ ವೃತ್ತಿ |

ಒಂದು ಎಚ್ಚರಿಕೆಯ ಮಾತು. ಪ್ರಶ್ನೆಪತ್ರಿಕೆಯಲ್ಲಿ ‘ಆಂತ್ರಕೋಸಿಸ್’ ಬದಲಿಗೆ ‘ಆಂತ್ರಾಕ್ಸ್’ ಎಂದಿದ್ದರೆ ಉತ್ತರ ಕಲ್ಲಿದ್ದಲಲ್ಲ. ಆಂತ್ರಾಕ್ಸ್ ಬ್ಯಾಕ್ಟೀರಿಯದಿಂದ ಬರುವ ಸೋಂಕುರೋಗ. ಉಣ್ಣೆ ಮತ್ತು ಚರ್ಮದ ಕೆಲಸಗಾರರಿಗೆ ಅದು ತಗಲುತ್ತಿತ್ತು. ಆ ರೋಗದಲ್ಲಿ ಚರ್ಮದ ಮೇಲೆ ಏಳುವ ಹುಣ್ಣು ಇದ್ದಿಲಿನಂತೆ ಕಪ್ಪಾಗುವುದರಿಂದ ಎರಡಕ್ಕೂ ಒಂದೇ ಗ್ರೀಕ್ ಮೂಲ ಬಂದಿದೆ.

ಈ ಎಂಟರಲ್ಲಿ ಮೊದಲ ಮೂರನ್ನು ಮಾತ್ರ ಇಲ್ಲಿ ಬಿಡಿಸಿ ನೋಡುತ್ತೇವೆ.

ಹತ್ತಿ: ವಾರದ ಗಡಿಯಾರ

ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿ ಆರಂಭವಾದದ್ದು 1877ರಲ್ಲಿ. ಅಂದಿನಿಂದ ಅಲ್ಲಿನ ಕನ್ನಡ, ತೆಲುಗು, ಮರಾಠಿ ಮನೆಗಳ ಹಲವು ತಲೆಮಾರುಗಳು ನೂಲಿನ ನಡುವೆಯೇ ಬದುಕಿವೆ. ನೂಲಿನ ಗಿರಣಿಯಲ್ಲಿ ಎಲ್ಲ ವಿಭಾಗಗಳೂ ಸಮನಾಗಿ ಅಪಾಯಕರವಲ್ಲ. ಅರಳೆಯ ಬೇಲನ್ನು ಒಡೆದು ಗಾಳಿಯಲ್ಲಿ ಹಾರಿಸಿ ಕಸ ಬೇರ್ಪಡಿಸುವ ಬ್ಲೋ ರೂಂ ಮತ್ತು ಅರಳೆಯನ್ನು ಹಿಂಜಿ ಎಳೆಮಾಡುವ ಕಾರ್ಡಿಂಗ್ ವಿಭಾಗಗಳಲ್ಲಿ ಧೂಳು ಅತಿ ಹೆಚ್ಚು. ನೂಲಾಗಿ, ಗಂಜಿ ಹಚ್ಚಿಸಿಕೊಂಡು ಮಗ್ಗಕ್ಕೆ ಬರುವ ವೇಳೆಗೆ ಆ ಧೂಳು ಬಹಳ ಕಡಿಮೆಯಾಗಿರುತ್ತದೆ. ಆದುದರಿಂದ ‘ಗಿರಣಿಯಲ್ಲಿ ಕೆಲಸ’ ಎಂದರೆ ಸಾಲದು, ‘ಯಾವ ಖಾತೆಯಲ್ಲಿ ಕೆಲಸ’ ಎಂಬುದೂ ಮುಖ್ಯವಾಗುತ್ತದೆ.

ಪಟ್ಟಿಯಲ್ಲಿ ‘ಹತ್ತಿ’ ಎಂದಿದ್ದರೂ ನಾವು ತೊಡುವ ಬಿಳಿಯ ಎಳೆ ಇಲ್ಲಿಯ ಮುಖ್ಯ ಅಪರಾಧಿಯಲ್ಲ. ಹತ್ತಿಯ ಕಾಯಿಯ ಬುಡದಲ್ಲಿರುವ ಪುಟ್ಟ ಎಲೆಗಳು ಒಣಗಿ ಪುಡಿಯಾಗಿ ಅರಳೆಯೊಡನೆ ಬೆರೆತು ಬರುತ್ತವೆ. ಆ ಚೂರುಗಳ ಮೇಲೆ ಬ್ಯಾಕ್ಟೀರಿಯಗಳು ಬೆಳೆದಿರುತ್ತವೆ. ಅವುಗಳ ಹೊರಕವಚದಲ್ಲಿರುವ ಎಂಡೊಟಾಕ್ಸಿನ್ ಎಂಬ ವಿಷಾಂಶವು ಉಸಿರಿನೊಡನೆ ಒಳಹೋದಾಗ ಶ್ವಾಸನಾಳಗಳು ಕೆರಳಿ ಬಿಗಿಯುತ್ತವೆ ಎಂಬುದು ಇಂದು ಹೆಚ್ಚು ಒಪ್ಪಿತವಾಗಿರುವ ವಿವರಣೆ. ಬಟ್ಟೆಯಾದ ಹತ್ತಿಯಿಂದ ಯಾರಿಗೂ ಬಿಸಿನೋಸಿಸ್ ಬಾರದಿರುವುದಕ್ಕೆ ಕಾರಣವೂ ಇದೇ. ಆ ವೇಳೆಗೆ ಕಸವೂ ಧೂಳೂ ಹೋಗಿರುತ್ತವೆ.

ಈ ರೋಗದ ಗುರುತು ಅದರ ವಾರ. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ, ಪಾಳಿ ಆರಂಭವಾದ ಕೆಲವು ಗಂಟೆಗಳಲ್ಲಿ ಎದೆ ಬಿಗಿಯುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಮರುದಿನ ದೇಹ ಒಗ್ಗಿಕೊಂಡಂತೆ ತೊಂದರೆ ಇಳಿಯುತ್ತದೆ. ಮುಂದಿನ ರಜೆಯ ಬಳಿಕ ಮತ್ತೆ ಅದೇ ಕಥೆ. ಭಾನುವಾರ ರಜೆಯಿರುವ ದೇಶಗಳಲ್ಲಿ ಇದನ್ನು ‘ಸೋಮವಾರದ ಎದೆಬಿಗಿತ’ ಎಂದು ಕರೆದರು. ಆದರೆ ವಾರದ ರಜೆ ಬುಧವಾರವಿರುವ ಗಿರಣಿಯಲ್ಲಿ ಆ ‘ಸೋಮವಾರ’ ಗುರುವಾರಕ್ಕೆ ಬರುತ್ತದೆ. ಪುಸ್ತಕದಲ್ಲಿ ಸೋಮವಾರ ಎಂದಿದೆ, ನನ್ನ ತಂದೆಗೆ ಗುರುವಾರ ಬಿಗಿಯುತ್ತದೆ, ಆದ್ದರಿಂದ ಇದು ಬೇರೆ ರೋಗ ಎಂದು ಯಾವ ಮಗುವೂ ತಿಳಿಯಬಾರದು. ವಾರದ ಹೆಸರಿಗಿಂತ ‘ರಜೆಯ ಮರುದಿನ’ ಎಂಬುದೇ ಸರಿಯಾದ ಮಾತು.

ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳ ಕೆಲಸಗಾರರನ್ನು 1950ರ ದಶಕದಲ್ಲಿ ಪರೀಕ್ಷಿಸಿದ ವೈದ್ಯ ರಿಚರ್ಡ್ ಶಿಲ್ಲಿಂಗ್ ಅವರು ಈ ವಾರದ ಲೆಕ್ಕವನ್ನೇ ಹಿಡಿದು ರೋಗವನ್ನು ಹಂತಗಳಾಗಿ ವಿಂಗಡಿಸಿದರು. ಆರಂಭದಲ್ಲಿ ರಜೆಯ ಮರುದಿನ ಒಮ್ಮೊಮ್ಮೆ ಮಾತ್ರ ಬಿಗಿತ. ಅನಂತರ ಪ್ರತಿ ರಜೆಯ ಮರುದಿನವೂ ಬಿಗಿತ. ಮುಂದೆ ವಾರದ ಇತರ ದಿನಗಳಿಗೂ ಅದು ಹಬ್ಬುತ್ತದೆ. ಕೊನೆಗೆ ರಜೆ ಇರಲಿ ಇಲ್ಲದಿರಲಿ, ಉಸಿರಿನ ಬಲವೇ ಶಾಶ್ವತವಾಗಿ ಕುಗ್ಗಿರುತ್ತದೆ. ಮೊದಲ ಹಂತಗಳಲ್ಲಿ ಧೂಳಿನಿಂದ ದೂರವಾದರೆ ಶ್ವಾಸಕೋಶ ಚೇತರಿಸಿಕೊಳ್ಳಬಲ್ಲದು. ಕೊನೆಯ ಹಂತದಲ್ಲಿ ಆ ಅವಕಾಶ ಉಳಿಯುವುದಿಲ್ಲ.

ಇದನ್ನು ಪತ್ತೆಹಚ್ಚುವಲ್ಲಿ ಎಕ್ಸ್-ರೇ ನೆರವಾಗುವುದಿಲ್ಲ. ಬಿಸಿನೋಸಿಸ್‌ಗೆ ಮಾತ್ರ ಸೇರಿದ ಗುರುತು ಯಾವುದೂ ಅದರಲ್ಲಿ ಮೂಡುವುದಿಲ್ಲ. ನೆರವಾಗುವುದು ಸ್ಪೈರೋಮೀಟರ್ ಎಂಬ ಊದುವ ಉಪಕರಣ. ಆಳವಾಗಿ ಉಸಿರೆಳೆದು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬರುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಈ ಅಳತೆಯನ್ನು ರಜೆಯ ಮರುದಿನವೇ, ಪಾಳಿಗೆ ಮೊದಲು ಒಮ್ಮೆ ಮತ್ತು ಪಾಳಿ ಮುಗಿದ ಮೇಲೆ ಒಮ್ಮೆ ತೆಗೆಯಬೇಕು. ಉದಾಹರಣೆಗೆ ಬೆಳಿಗ್ಗೆ 2.8 ಲೀಟರ್, ಸಂಜೆ 2.4 ಲೀಟರ್ ಬಂದಿತೆನ್ನೋಣ. ಇಳಿಕೆ 0.4 ಲೀಟರ್. ಬೆಳಗಿನ ಅಳತೆಯಿಂದ ಭಾಗಿಸಿದರೆ ಸುಮಾರು ಶೇಕಡ 14. ಶೇಕಡ 10ಕ್ಕಿಂತ ಹೆಚ್ಚಿನ ಇಳಿಕೆಯನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ. ಇದೇ ವ್ಯಕ್ತಿಯನ್ನು ವಾರದ ಕೊನೆಯ ದಿನ ಒಮ್ಮೆ ಮಾತ್ರ ಪರೀಕ್ಷಿಸಿದ್ದರೆ ಈ ಇಳಿಕೆ ಕಣ್ಣಿಗೆ ಬೀಳದೇ ಹೋಗಬಹುದಿತ್ತು.

ಕಬ್ಬಿನ ಸಿಪ್ಪೆ: ಗಂಟೆಗಳ ಗಡಿಯಾರ

ಈಗ ಜತ್‌ನ ಆ ಹುಡುಗಿಯ ಪ್ರಶ್ನೆಗೆ ಬರೋಣ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಬಗಾಸ್ ಎಂದೋ ಬಗ್ಯಾಸ್ ಎಂದೋ ಕರೆಯುವ ಸಿಪ್ಪೆಯನ್ನು ನಮ್ಮ ಭಾಗದ ಮಕ್ಕಳಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಆ ಪದವನ್ನೇ ರೋಗದ ಹೆಸರಿನಲ್ಲಿ ಗುರುತಿಸಿದರೆ ಪರೀಕ್ಷೆಯ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಇಲ್ಲಿದೆ.

ಗಾಣದಿಂದ ಆಗತಾನೆ ಹೊರಬಂದ ಸಿಪ್ಪೆಯಲ್ಲಿ ತೂಕದ ಸುಮಾರು ಅರ್ಧದಷ್ಟು ನೀರು ಇರುತ್ತದೆ. ಅದು ಹಾರುವುದಿಲ್ಲ, ರೋಗವನ್ನೂ ತರುವುದಿಲ್ಲ. ತೊಂದರೆ ಹುಟ್ಟುವುದು ಕೂಡಿಟ್ಟಾಗ. ಸಿಪ್ಪೆಯಲ್ಲಿ ಅಲ್ಪಸ್ವಲ್ಪ ಸಕ್ಕರೆ ಉಳಿದಿರುತ್ತದೆ. ಬಣವೆಯಾಗಿ ಒಟ್ಟಿದಾಗ ಅಥವಾ ಬೇಲುಗಳಾಗಿ ಕಟ್ಟಿದಾಗ ಆ ಸಕ್ಕರೆ ಹುಳಿತು ಒಳಭಾಗ ಬಿಸಿಯಾಗುತ್ತದೆ. ಒಟ್ಟಿದ ಹಸಿ ಗೊಬ್ಬರದ ಒಳಗೆ ಕೈಯಿಟ್ಟವರಿಗೆ ಆ ಬಿಸಿ ಗೊತ್ತು. ಅಂತಹ ಬಿಸಿಯಲ್ಲೇ ಚೆನ್ನಾಗಿ ಬೆಳೆಯುವ ಒಂದು ಸೂಕ್ಷ್ಮಜೀವಿ ಥರ್ಮೋಆಕ್ಟಿನೋಮೈಸಿಸ್ ಸಕ್ಕರಿ. ತಿಂಗಳುಗಳು ಕಳೆದು ಸಿಪ್ಪೆ ಒಣಗಿದಾಗ ಅದರ ಬೀಜಕಣಗಳು ಧೂಳಿನೊಡನೆ ಸಿದ್ಧವಾಗಿ ಕುಳಿತಿರುತ್ತವೆ. ಬೇಲು ಒಡೆದಾಗ, ಸಲಿಕೆ ಹಾಕಿದಾಗ ಅವು ಮೇಲೇಳುತ್ತವೆ. ಪುಸ್ತಕಗಳು ಇದನ್ನು ರೂಢಿಯಂತೆ ಬೂಷ್ಟು ಎಂದು ಕರೆದರೂ ಜೀವವಿಜ್ಞಾನದ ವರ್ಗೀಕರಣದಲ್ಲಿ ಇದು ಶಿಲೀಂಧ್ರವಲ್ಲ, ಎಳೆಯಂತೆ ಬೆಳೆಯುವ ಬ್ಯಾಕ್ಟೀರಿಯ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಈ ಹೆಸರೇ ಉತ್ತರವಾಗಿ ಬಂದರೆ ಮಕ್ಕಳು ಬೆದರಬಾರದು. ಕೊನೆಯ ಪದವಾದ ‘ಸಕ್ಕರಿ’ಯೇ ದಾರಿ ತೋರುತ್ತದೆ.

ಹೀಗಾಗಿ ಹಸಿ ಕಬ್ಬು ಕಡಿಯುವವರಿಗೂ ಗಾಣಕ್ಕೆ ಕಬ್ಬು ಕೊಡುವವರಿಗೂ ಈ ರೋಗದ ಭಯವಿಲ್ಲ. ಅವರ ಕಷ್ಟಗಳು ಬೇರೆ. ಅಪಾಯವಿರುವುದು ಹಳೆಯ, ಒಣಗಿದ ಸಿಪ್ಪೆಯನ್ನು ಮುಚ್ಚಿದ ಗೋದಾಮಿನಲ್ಲಿ ಎತ್ತಿಡುವವರಿಗೆ, ಕಾಗದ ಮತ್ತು ರಟ್ಟಿನ ಕಾರ್ಖಾನೆಗಳಲ್ಲಿ ಬೇಲು ಒಡೆಯುವವರಿಗೆ. ಈ ರೋಗವನ್ನು ವೈದ್ಯಲೋಕ ಮೊದಲು ವಿವರಿಸಿದ್ದು 1941ರಲ್ಲಿ, ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ. ನಮ್ಮ ದೇಶದಲ್ಲಿ ಗಂಗೂಲಿ ಮತ್ತು ಪಾಲ್ ಎಂಬ ವೈದ್ಯರು 1955ರಲ್ಲಿ ಕಲ್ಕತ್ತೆಯ ಬಳಿಯ ರಟ್ಟಿನ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಇದನ್ನು ಮೊದಲು ಗುರುತಿಸಿದರು. ರಟ್ಟಿನ ಕಾರ್ಖಾನೆ ಎಂಬುದನ್ನು ಗಮನಿಸಿರಿ. ರೋಗ ಕಂಡದ್ದು ಕಬ್ಬಿನ ಗದ್ದೆಯಲ್ಲಲ್ಲ.

ಇದರ ಗಡಿಯಾರ ಗಂಟೆಗಳದ್ದು. ಧೂಳು ಕುಡಿದ 4ರಿಂದ 8 ಗಂಟೆಗಳ ಅನಂತರ ಚಳಿ, ಜ್ವರ, ಒಣಕೆಮ್ಮು, ಮೈಕೈ ನೋವು, ಉಸಿರಾಟದ ಕಷ್ಟ ಕಾಣಿಸಿಕೊಳ್ಳುತ್ತವೆ. ಬೆಳಗಿನ ಪಾಳಿ ಮುಗಿಸಿ ಮನೆ ಸೇರಿದವರಿಗೆ ಸಂಜೆಯೋ ರಾತ್ರಿಯೋ ನಡುಕ ಹಿಡಿಯುತ್ತದೆ. ಕೆಲಸಕ್ಕೂ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋಚದಿರುವುದು ಈ ಅಂತರದಿಂದಾಗಿಯೇ. ಮಲೇರಿಯವೆಂದೋ ಶೀತಜ್ವರವೆಂದೋ ಔಷಧಿ ತೆಗೆದುಕೊಂಡು ಎರಡು ದಿನ ಮನೆಯಲ್ಲಿ ಮಲಗುತ್ತಾರೆ. ಧೂಳಿನಿಂದ ದೂರವಿದ್ದುದರಿಂದ ಜ್ವರ ತಾನಾಗಿಯೇ ಇಳಿಯುತ್ತದೆ. ಔಷಧಿಯಿಂದ ಗುಣವಾಯಿತೆಂಬ ನಂಬಿಕೆಯಲ್ಲಿ ಮತ್ತೆ ಅದೇ ಗೋದಾಮಿಗೆ ಹೋಗುತ್ತಾರೆ. ಹೀಗೆ ಮರುಕಳಿಸುತ್ತಿದ್ದರೆ ಶ್ವಾಸಕೋಶದ ವಾಯುಕೋಶಗಳ ಗೋಡೆ ಕ್ರಮೇಣ ಗಟ್ಟಿಯಾಗಿ, ಮರಳಿ ಸರಿಹೋಗದ ಸ್ಥಿತಿಗೆ ತಲಪುತ್ತದೆ. ಬೇಗ ಗುರುತಿಸಿ ಆ ಕೆಲಸದಿಂದ ಬಿಡಿಸಿದರೆ ಬಹುಮಟ್ಟಿಗೆ ಪೂರ್ಣ ಗುಣ ಕಾಣಬಹುದು. ಬಿಸಿನೋಸಿಸ್‌ನಲ್ಲಿ ಕೆಡುವುದು ಗಾಳಿ ಸಾಗುವ ನಾಳ. ಇಲ್ಲಿ ಕೆಡುವುದು ಗಾಳಿ ರಕ್ತಕ್ಕೆ ಸೇರುವ ವಾಯುಕೋಶ. ಆದುದರಿಂದ ಇದರಲ್ಲಿ ಎಕ್ಸ್-ರೇಯಲ್ಲಿ ಮಚ್ಚೆಮಚ್ಚೆಯಾದ ನೆರಳುಗಳು ಕಾಣಬಹುದು.

ತಡೆಗಟ್ಟುವ ಕ್ರಮವನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ. ಸಿಪ್ಪೆಯ ತೇವಾಂಶವನ್ನು ಶೇಕಡ 20ಕ್ಕಿಂತ ಮೇಲಿರಿಸಬೇಕು, ಶೇಕಡ 2ರ ಪ್ರೊಪಿಯೋನಿಕ್ ಆಮ್ಲವನ್ನು ಸಿಂಪಡಿಸಬೇಕು ಎಂದು ಪುಸ್ತಕ ಹೇಳುತ್ತದೆ. ಬೂಷ್ಟಿಗೆ ತೇವ ಬೇಕಲ್ಲವೇ, ತೇವ ಉಳಿಸಿದರೆ ಅದು ಹೆಚ್ಚಾಗುವುದಿಲ್ಲವೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಎರಡೂ ಕ್ರಮಗಳನ್ನು ಕೂಡಿಸಿ ಓದಿದರೆ ಉತ್ತರ ಸಿಗುತ್ತದೆ. ತೇವವಿದ್ದರೆ ಧೂಳು ಹಾರುವುದಿಲ್ಲ. ತೇವದಿಂದ ಬೆಳೆಯಬಹುದಾದ ಜೀವಿಯನ್ನು ಆಮ್ಲ ತಡೆಯುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಕಲ್ನಾರು: ದಶಕಗಳ ಗಡಿಯಾರ

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಅದು ಗಣಿಯಿಂದ ಬರುವ ಕಲ್ಲು, ಆದರೆ ನಾರಿನಂತೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುತ್ತದೆ. ನೂಲಬಹುದು, ನೇಯಬಹುದು, ಬೆಂಕಿಗೆ ಸುಡುವುದಿಲ್ಲ. ಕಡಪ ಜಿಲ್ಲೆಯ ಪುಲಿವೆಂದುಲ ಭಾಗದಲ್ಲಿ ಇದರ ಗಣಿಗಳಿದ್ದವು. ನಮ್ಮ ಊರುಗಳಲ್ಲಿ ಇದು ಪರಿಚಿತವಾಗಿರುವುದು ಮನೆಗೂ ಕೊಟ್ಟಿಗೆಗೂ ಹೊದಿಸುವ ಸಿಮೆಂಟ್ ಶೀಟಿನ ರೂಪದಲ್ಲಿ.

ಇಲ್ಲಿ ಸೂಕ್ಷ್ಮಜೀವಿಯ ಮಾತಿಲ್ಲ. ನಾರೇ ನೇರ ಅಪರಾಧಿ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಸೂಜಿಯಂತೆ ನೀಳವಾದ ಎಳೆಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಳಬಂದ ಕಸವನ್ನು ನುಂಗಿ ಹೊರಸಾಗಿಸುವ ರಕ್ಷಕ ಕೋಶಗಳು ನಮ್ಮ ದೇಹದಲ್ಲಿವೆ. ಆದರೆ ಈ ಎಳೆ ಆ ಕೋಶಕ್ಕಿಂತಲೂ ಉದ್ದವಾಗಿದ್ದರೆ ಅದನ್ನು ಪೂರ್ತಿ ನುಂಗಲಾಗುವುದಿಲ್ಲ. ಅರ್ಧ ನುಂಗಿದ ಕೋಶ ಸಾಯುತ್ತದೆ, ಎಳೆ ಅಲ್ಲಿಯೇ ಉಳಿಯುತ್ತದೆ, ಇನ್ನೊಂದು ಕೋಶ ಬಂದು ಅದೇ ಪ್ರಯತ್ನ ಮಾಡುತ್ತದೆ. ಪ್ರತಿ ಬಾರಿಯೂ ಆ ಜಾಗದಲ್ಲಿ ಕಲೆಗಟ್ಟುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಶ್ವಾಸಕೋಶದ ಕೆಳಭಾಗ ಹಿಗ್ಗದಂತೆ ಬಿರುಸಾಗುತ್ತದೆ. ಕೆಲಸ ಬಿಟ್ಟರೂ ಎಳೆಗಳು ಒಳಗೇ ಇರುವುದರಿಂದ ರೋಗ ಮುಂದುವರಿಯಬಲ್ಲದು. ಮೊದಲೆರಡು ರೋಗಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಇದರ ಗಡಿಯಾರ ದಶಕಗಳದ್ದು. ಹಲವು ವರ್ಷ ಧೂಳಿನಲ್ಲಿ ದುಡಿದವರಿಗೆ, ಕೆಲಸ ಆರಂಭಿಸಿದ ಸುಮಾರು 15ರಿಂದ 20 ವರ್ಷಗಳ ಅಥವಾ ಇನ್ನೂ ಹೆಚ್ಚಿನ ಕಾಲದ ಬಳಿಕ ಮೆಟ್ಟಿಲು ಹತ್ತುವಾಗ ಉಸಿರು ಸಾಲದಂತಾಗುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕಲ್ನಾರನ್ನು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ಬಾಲ್ಯದಲ್ಲಿಯೇ ಆ ಕೆಲಸಕ್ಕೆ ಸೇರಿ 1924ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶದಲ್ಲಿ ಖನಿಜದ ಚೂರುಗಳನ್ನು ಕಂಡ ವೈದ್ಯ ವಿಲಿಯಂ ಕುಕ್ ಅವರು 1927ರಲ್ಲಿ ಈ ರೋಗಕ್ಕೆ ಆಸ್‌ಬೆಸ್ಟೋಸಿಸ್ ಎಂಬ ಹೆಸರನ್ನು ಬಳಸಿದರು. ಕಲ್ನಾರು ಶ್ವಾಸಕೋಶದ ಕ್ಯಾನ್ಸರಿಗೂ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಾದ ಮೀಸೋಥೀಲಿಯೋಮಕ್ಕೂ ಕಾರಣವಾಗುತ್ತದೆ. ಬೀಡಿ-ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ಹಾಗಾದರೆ ಶೀಟಿನ ಸೂರಿನಡಿ ಮಲಗುವವರೆಲ್ಲರಿಗೂ ಆಸ್‌ಬೆಸ್ಟೋಸಿಸ್ ಬರುತ್ತದೆಯೇ? ಇಲ್ಲ. ಅದು ಬಹುಕಾಲ, ಬಹಳ ಧೂಳು ಕುಡಿದವರ ರೋಗ. ಒಡೆಯದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿಯಾಗಿರುತ್ತವೆ. ಎಳೆ ಹೊರಬರುವುದು ಶೀಟನ್ನು ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಒಡೆದು ಪುಡಿಮಾಡಿದಾಗ. ಆದುದರಿಂದ ಹಳೆಯ ಶೀಟು ತೆಗೆಯುವಾಗ ನೀರು ಚಿಮುಕಿಸಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಒಬ್ಬ ಮನುಷ್ಯ, ಮೂರು ಕೆಲಸ

ಈಗ ಮೂರು ಗಡಿಯಾರಗಳನ್ನೂ ಒಟ್ಟಿಗೆ ಬಳಸಿ ನೋಡೋಣ. ಇದು ಅಭ್ಯಾಸಕ್ಕಾಗಿ ನಾವೇ ಕಟ್ಟಿದ ಪ್ರಶ್ನೆ. ಒಬ್ಬರಿಗೆ 46 ವರ್ಷ. 20ನೆಯ ವಯಸ್ಸಿನಿಂದ 27ರವರೆಗೆ ಸಿಮೆಂಟ್ ಶೀಟು ಕೊಯ್ಯುವ ಕೆಲಸ. 28ರಿಂದ 43ರವರೆಗೆ ನೂಲಿನ ಗಿರಣಿಯ ಬ್ಲೋ ರೂಂ. ಈಗ ಎರಡು ವರ್ಷಗಳಿಂದ ರಟ್ಟಿನ ಕಾರ್ಖಾನೆಯೊಂದರಲ್ಲಿ ಹಳೆಯ ಸಿಪ್ಪೆಯ ಬೇಲು ಒಡೆಯುತ್ತಾರೆ. ಬೆಳಿಗ್ಗೆ ಬೇಲು ಒಡೆದ ದಿನ ರಾತ್ರಿ ಚಳಿಜ್ವರ, ಕೆಮ್ಮು. ಎರಡು ದಿನ ಮನೆಯಲ್ಲಿದ್ದರೆ ಇಳಿಯುತ್ತದೆ. ಮೂರು ತಿಂಗಳಲ್ಲಿ ನಾಲ್ಕು ಬಾರಿ ಹೀಗಾಗಿದೆ. ರೋಗ ಯಾವುದಿರಬಹುದು?

ಅತಿ ಹೆಚ್ಚು ವರ್ಷ ದುಡಿದದ್ದು ಹತ್ತಿಯಲ್ಲಿ ಎಂದು ‘ಬಿಸಿನೋಸಿಸ್’ ಬರೆಯುವ ಮಕ್ಕಳೇ ಹೆಚ್ಚು. ಆದರೆ ಹತ್ತಿಯ ಬಿಗಿತ ಕೆಲಸದ ವೇಳೆಯಲ್ಲಿಯೇ, ರಜೆಯ ಮರುದಿನ ಬರುವಂಥದು. ಅವರು ಆ ಗಿರಣಿ ಬಿಟ್ಟು ಎರಡು ವರ್ಷ ಮೀರಿದೆ. ಕಲ್ನಾರಿನ ರೋಗ ಬಂದು ಹೋಗಿ ಮಾಡುವುದಿಲ್ಲ, ಅದು ನಿಧಾನವಾಗಿ ಏರುವ ಏದುಸಿರು. ಧೂಳಾದ ಕೆಲವು ಗಂಟೆಗಳ ಬಳಿಕ ಜ್ವರ, ದೂರವಿದ್ದಾಗ ಇಳಿತ, ಮರಳಿದಾಗ ಮರುಕಳಿಕೆ ಎಂಬ ಮೂರೂ ಕೂಡಿ ಬರುವುದು ಬಗಾಸೋಸಿಸ್‌ನಲ್ಲಿ. ಉತ್ತರ ಅದೇ.

ಆದರೆ ಉತ್ತರ ಬರೆದು ಪೆನ್ನು ಕೆಳಗಿಡುವಂತಿಲ್ಲ. ಅವರು ಕಲ್ನಾರಿನ ಕೆಲಸ ಆರಂಭಿಸಿ 26 ವರ್ಷಗಳಾಗಿವೆ. ಅಂದರೆ ದಶಕಗಳ ಗಡಿಯಾರ ಬಾರಿಸುವ ಹೊತ್ತು ಬಂದಿದೆ. ಅವರ ಎಕ್ಸ್-ರೇ ನೋಡುವ ವೈದ್ಯರಿಗೆ ಆ ಹಳೆಯ ಏಳು ವರ್ಷಗಳ ಸಂಗತಿ ತಿಳಿದಿರಲೇಬೇಕು. ಮನೆಯವರು ಈಗಿನ ಕೆಲಸವನ್ನು ಮಾತ್ರ ಹೇಳಿದರೆ ಅದು ಮರೆಯಾಗಿ ಹೋಗುತ್ತದೆ. ಜೊತೆಗೆ, ಬಿಡದ ಕೆಮ್ಮಿಗೆ ಕ್ಷಯವೂ, ಚಳಿಜ್ವರಕ್ಕೆ ಮಲೇರಿಯವೂ ಕಾರಣವಾಗಬಹುದಾದುದರಿಂದ ಕಫ ಮತ್ತು ರಕ್ತದ ಪರೀಕ್ಷೆಗಳನ್ನು ಬಿಡುವಂತಿಲ್ಲ. ಕಾಲದ ಅಂಕಣ ವೈದ್ಯರಿಗೆ ದಾರಿ ತೋರುವ ಸುಳಿವು ಮಾತ್ರ. ಪರೀಕ್ಷೆಗಳ ಸ್ಥಾನವನ್ನು ಅದು ತುಂಬಲಾರದು.

ಹೆಸರಿಗೆ ಕಾನೂನಿನಲ್ಲಿರುವ ಬೆಲೆ

ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜಿನಿ ಅವರು 1700ರಲ್ಲಿ ಕೆಲಸಗಾರರ ರೋಗಗಳ ಕುರಿತು ಗ್ರಂಥ ಬರೆದಾಗ, ರೋಗಿಗೆ ವೈದ್ಯರು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬು ಯಾವುದು?’ ಎಂಬುದನ್ನೂ ಸೇರಿಸಬೇಕೆಂದರು. ಮೂರು ಶತಮಾನಗಳ ಬಳಿಕವೂ ಕಿಕ್ಕಿರಿದ ದವಾಖಾನೆಯಲ್ಲಿ ಈ ಪ್ರಶ್ನೆ ಎಷ್ಟೋ ವೇಳೆ ಬಿಟ್ಟುಹೋಗುತ್ತದೆ. ಕೇಳದಿದ್ದರೂ ನಾವೇ ಹೇಳಬೇಕು.

ಹೇಳುವುದರಿಂದ ಇನ್ನೊಂದು ಪ್ರಯೋಜನವಿದೆ. ಬಿಸಿನೋಸಿಸ್, ಬಗಾಸೋಸಿಸ್, ಆಸ್‌ಬೆಸ್ಟೋಸಿಸ್ ಮೂರೂ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗಗಳೆಂದು ಹೆಸರಿಸಲ್ಪಟ್ಟಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿಯೂ ಅವು ಉಳಿದಿವೆ. ಆ ಬಗೆಯ ಕೆಲಸದಲ್ಲಿ ನಿಗದಿತ ಅವಧಿ ದುಡಿದವರಿಗೆ ಅಂತಹ ರೋಗ ಬಂದರೆ ಅದನ್ನು ಕೆಲಸದಲ್ಲಿ ಆದ ಗಾಯದಂತೆಯೇ ಕಾನೂನು ಪರಿಗಣಿಸುತ್ತದೆ. ಚೀಟಿಯ ಮೇಲೆ ‘ದಮ್ಮು’ ಎಂದು ಬರೆದರೆ ಈ ಬಾಗಿಲು ತೆರೆಯುವುದಿಲ್ಲ. ರೋಗದ ಸರಿಯಾದ ಹೆಸರೂ ಕೆಲಸದ ದಾಖಲೆಯೂ ಇರಬೇಕು. ಕಲ್ನಾರಿನ ಕೆಲಸಗಾರರ ಕುರಿತು ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ನೀಡಿದ ತೀರ್ಪು, ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ನ್ಯಾಯಾಲಯವು ಅಷ್ಟು ದೀರ್ಘ ಅವಧಿಯನ್ನು ಏಕೆ ಗೊತ್ತುಮಾಡಿತು ಎಂಬುದನ್ನು ಮೂರನೆಯ ಗಡಿಯಾರವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಆದುದರಿಂದ ನಮ್ಮ ತರಗತಿಯಲ್ಲಿ ಈಗ ಈ ಪಟ್ಟಿಯನ್ನು ಮೂರು ಸಾಲುಗಳಲ್ಲಿ ಹೀಗೆ ಬರೆಸುತ್ತಿದ್ದೇವೆ.

| ರೋಗ | ನಿಜವಾದ ಕಾರಕ | ಕಾಲ | ಕೆಲಸ ಬಿಟ್ಟರೆ |
|---|---|---|---|
| ಬಿಸಿನೋಸಿಸ್ | ಹತ್ತಿಯ ಕಸದ ಧೂಳು, ಅದರ ಎಂಡೊಟಾಕ್ಸಿನ್ | ರಜೆಯ ಮರುದಿನ, ಪಾಳಿಯಲ್ಲೇ | ಆರಂಭದಲ್ಲಾದರೆ ಚೇತರಿಕೆ |
| ಬಗಾಸೋಸಿಸ್ | ಹಳೆಯ ಸಿಪ್ಪೆಯಲ್ಲಿ ಬೆಳೆದ ಥರ್ಮೋಆಕ್ಟಿನೋಮೈಸಿಸ್ ಸಕ್ಕರಿ | 4ರಿಂದ 8 ಗಂಟೆಗಳ ಬಳಿಕ, ಜ್ವರ | ಬೇಗನೆ ಬಿಟ್ಟರೆ ಗುಣ |
| ಆಸ್‌ಬೆಸ್ಟೋಸಿಸ್ | ಕಲ್ನಾರಿನ ಎಳೆ | 15–20 ವರ್ಷಗಳು, ಮೇಲೂ | ಮುಂದುವರಿಯಬಲ್ಲದು |

ಪಟ್ಟಿಯ ಕೆಳಗೆ ಒಂದು ಖಾಲಿ ಸಾಲನ್ನೂ ಬಿಡಿಸುತ್ತೇವೆ. ಅದರಲ್ಲಿ ಪ್ರತಿ ಮಗುವೂ ತನ್ನ ಮನೆಯ ಹಿರಿಯರು ಯಾವ ಊರಿನಲ್ಲಿ, ಯಾವ ಖಾತೆಯಲ್ಲಿ, ಎಷ್ಟನೆಯ ಇಸವಿಯಿಂದ ಎಷ್ಟನೆಯ ಇಸವಿಯವರೆಗೆ ದುಡಿದರೆಂದು ಮನೆಯಲ್ಲಿ ಕೇಳಿ ಬರೆದು ತರಬೇಕು. ಜತ್‌ನ ಆ ಹುಡುಗಿ ತನ್ನ ಸಾಲಿನಲ್ಲಿ ತಂದೆ-ತಾಯಿಯ ಕಬ್ಬಿನ ಕೆಲಸವನ್ನು ಬರೆದು, ಅದರ ಕೆಳಗೆ ಅಜ್ಜನ ಹೆಸರಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು. ಸೊಲ್ಲಾಪುರ, ನೂಲಿನ ಗಿರಣಿ, ಕಾರ್ಡಿಂಗ್ ಖಾತೆ, 22 ವರ್ಷ. ಅಜ್ಜನಿಗೆ ದಮ್ಮು ಇದೆಯೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಮುಂದಿನ ಬಾರಿ ದವಾಖಾನೆಗೆ ಹೋಗುವಾಗ ಆ ಹಾಳೆಯನ್ನೂ ಒಯ್ಯುವುದಾಗಿ ಅವಳು ನಮಗೆ ತಿಳಿಸಿದ್ದಾಳೆ.